ಜಿನ್ ರಮ್ಮಿ: ಬೇಗ ನಾಕ್ ಮಾಡಬೇಕೆ, ಜಿನ್‌ಗೆ ಕಾಯಬೇಕೆ? ಡೆಡ್‌ವುಡ್ ಲೆಕ್ಕದಿಂದ ತೀರ್ಮಾನದವರೆಗೆ

ಜಿನ್ ರಮ್ಮಿಯಲ್ಲಿ ನಿಮ್ಮ ಬಿಡಿ ಎಲೆಗಳ ಮೊತ್ತ 10ಕ್ಕೆ ಇಳಿದ ಕ್ಷಣದಿಂದ ಪ್ರತಿ ಸರದಿಯಲ್ಲೂ ಒಂದೇ ಪ್ರಶ್ನೆ ಎದುರಿಗೆ ಬಂದು ನಿಲ್ಲುತ್ತದೆ: ಈಗಲೇ ನಾಕ್ ಮಾಡಿ ಸಿಕ್ಕಷ್ಟು ಅಂಕವನ್ನು ಬರೆದುಕೊಳ್ಳಬೇಕೆ, ಇಲ್ಲವೇ ಹತ್ತೂ ಎಲೆಗಳು ಸೇರಿ ಜಿನ್ ಆಗುವವರೆಗೆ ಕಾಯಬೇಕೆ? ಬಹಳಷ್ಟು ಆಟಗಾರರು ಈ ಪ್ರಶ್ನೆಗೆ ತಮ್ಮ ಕೈಯನ್ನು ಮಾತ್ರ ನೋಡಿ ಉತ್ತರ ಕೊಡುತ್ತಾರೆ. ಆದರೆ ಉತ್ತರದ ದೊಡ್ಡ ಪಾಲು ಎದುರಾಳಿಯ ಕೈಯಲ್ಲಿ ಎಷ್ಟು ಅಂಕದ ಬಿಡಿ ಎಲೆಗಳು ಉಳಿದಿವೆ ಎಂಬುದರಲ್ಲಿದೆ. ಆ ಮೊತ್ತವನ್ನು ಅಂದಾಜು ಮಾಡುವುದು ಹೇಗೆ, ಅದಕ್ಕೂ ಮೊದಲು ನಮ್ಮ ಮೊತ್ತವನ್ನು ತಪ್ಪಿಲ್ಲದೆ ಎಣಿಸುವುದು ಹೇಗೆ ಎಂಬುದನ್ನು ಇಲ್ಲಿ ಹಂತ ಹಂತವಾಗಿ ನೋಡೋಣ.

ಲೆಕ್ಕಕ್ಕೆ ಬೇಕಾದಷ್ಟು ನಿಯಮ

ಆಟ ಇಬ್ಬರದು. 52 ಎಲೆಗಳ ಒಂದು ಕಟ್ಟಿನಿಂದ ಒಬ್ಬೊಬ್ಬರಿಗೆ 10 ಎಲೆಗಳನ್ನು ಹಂಚಿ, 21ನೆಯ ಎಲೆಯನ್ನು ತೆರೆದಿಟ್ಟು, ಉಳಿದ 31 ಎಲೆಗಳನ್ನು ಮುಚ್ಚಿಡುತ್ತಾರೆ. ತೆರೆದ ಆ ಎಲೆಯನ್ನು ಮೊದಲು ಹಂಚದವರು, ಅವರು ಬೇಡವೆಂದರೆ ಹಂಚಿದವರು ತೆಗೆದುಕೊಳ್ಳಬಹುದು. ಇಬ್ಬರಿಗೂ ಬೇಡವಾದರೆ ಹಂಚದವರು ಮುಚ್ಚಿದ ಕಟ್ಟಿನಿಂದ ಎತ್ತಿ ಆಟ ಶುರು ಮಾಡುತ್ತಾರೆ. ಒಂದೇ ಬೆಲೆಯ ಮೂರು ಅಥವಾ ನಾಲ್ಕು ಎಲೆಗಳು ಸೆಟ್. ಒಂದೇ ಬಣ್ಣದ, ಅಂದರೆ ಒಂದೇ ಗುರುತಿನ, ಮೂರು ಅಥವಾ ಹೆಚ್ಚು ಎಲೆಗಳು ಸಾಲಾಗಿ ಬಂದರೆ ಸೀಕ್ವೆನ್ಸ್. ಎರಡಕ್ಕೂ ಸೇರದೆ ಉಳಿದ ಎಲೆಗಳೇ ಡೆಡ್‌ವುಡ್. ರಾಜ, ರಾಣಿ, ಗುಲಾಮ ತಲಾ 10 ಅಂಕ, ಎಕ್ಕ 1 ಅಂಕ, ಉಳಿದವು ಮುಖದ ಮೇಲಿರುವಷ್ಟು. ಎಕ್ಕ ಇಲ್ಲಿ ಯಾವಾಗಲೂ ಕೆಳಗಿನ ಎಲೆ. ರಾಣಿ, ರಾಜ, ಎಕ್ಕ ಸೇರಿ ಸೀಕ್ವೆನ್ಸ್ ಆಗುವುದಿಲ್ಲ.

ಒಂದು ಎಲೆಯನ್ನು ಎತ್ತಿದ ಮೇಲೆ, ಹನ್ನೊಂದನೆಯ ಎಲೆಯನ್ನು ಬಿಟ್ಟು ಉಳಿಯುವ ಹತ್ತರಲ್ಲಿ ಡೆಡ್‌ವುಡ್ 10 ಅಥವಾ ಅದಕ್ಕಿಂತ ಕಡಿಮೆ ಇದ್ದರೆ, ಬಿಡುವ ಎಲೆಯನ್ನು ಮುಖ ಕೆಳಗಾಗಿ ಇಟ್ಟು ನಾಕ್ ಮಾಡಬಹುದು. ಆಗ ಎದುರಾಳಿ ತನ್ನ ಸೆಟ್ ಮತ್ತು ಸೀಕ್ವೆನ್ಸ್‌ಗಳನ್ನು ತೆರೆದಿಟ್ಟು, ಉಳಿದ ಬಿಡಿ ಎಲೆಗಳಲ್ಲಿ ನಿಮ್ಮ ಜೋಡಣೆಗಳಿಗೆ ಹೊಂದುವಂಥವನ್ನು ಅವುಗಳಿಗೆ ಸೇರಿಸಿಬಿಡಬಹುದು. ಇದೇ ಲೇ ಆಫ್. ಅಷ್ಟಾದ ಮೇಲೂ ಅವರ ಮೊತ್ತ ನಿಮ್ಮದಕ್ಕಿಂತ ಹೆಚ್ಚಿದ್ದರೆ ವ್ಯತ್ಯಾಸ ನಿಮ್ಮದು. ಸಮನಾಗಿದ್ದರೆ ಅಥವಾ ಕಡಿಮೆಯಿದ್ದರೆ ಅದು ಅಂಡರ್‌ಕಟ್: ವ್ಯತ್ಯಾಸದ ಜೊತೆಗೆ 25 ಅಂಕ ಅವರಿಗೆ ಹೋಗುತ್ತದೆ. ಡೆಡ್‌ವುಡ್ ಸೊನ್ನೆಯಾಗಿ ಜಿನ್ ಆದರೆ ಎದುರಾಳಿಯ ಪೂರ್ತಿ ಮೊತ್ತದ ಜೊತೆ 25 ಅಂಕ ನಿಮಗೆ, ಮತ್ತು ಆಗ ಲೇ ಆಫ್‌ಗೆ ಅವಕಾಶವೇ ಇಲ್ಲ. ಕೆಲವರು ಜಿನ್‌ಗೆ 20, ಅಂಡರ್‌ಕಟ್‌ಗೆ 10 ಎಂದು ಆಡುವುದುಂಟು. ಈ ಎರಡು ಸಂಖ್ಯೆಗಳು ಬದಲಾದರೆ ಮುಂದಿನ ತೀರ್ಮಾನಗಳೂ ಬದಲಾಗುವುದರಿಂದ, ಎಲೆ ಹಂಚುವ ಮೊದಲೇ ಅವನ್ನು ಮಾತಾಡಿಕೊಳ್ಳಬೇಕು. ಇಲ್ಲಿನ ಎಲ್ಲ ಲೆಕ್ಕವೂ 25ರ ಮೇಲೆ ನಿಂತಿದೆ.

ಮೊದಲ ಹಂತ: ನಿಮ್ಮ ಡೆಡ್‌ವುಡ್ ಅನ್ನು ಸರಿಯಾಗಿ ಎಣಿಸುವುದು

ಬಿಡಿ ಎಲೆಗಳನ್ನು ಕೂಡಿಸುವುದು ಸುಲಭ. ಯಾವುದು ಬಿಡಿ ಎಂದು ನಿರ್ಧರಿಸುವುದೇ ಕಷ್ಟ, ಏಕೆಂದರೆ ಒಂದೇ ಎಲೆ ಒಂದು ಸೆಟ್‌ಗೂ ಒಂದು ಸೀಕ್ವೆನ್ಸ್‌ಗೂ ಹೊಂದಬಹುದು, ಆದರೆ ಲೆಕ್ಕದಲ್ಲಿ ಅದು ಎರಡರಲ್ಲಿ ಒಂದಕ್ಕೆ ಮಾತ್ರ ಸೇರುತ್ತದೆ. ಈ ಹತ್ತು ಎಲೆಗಳನ್ನು ನೋಡಿ: ಆಟೀನ್ 5, 6, 7; ಸ್ಪೇಡ್ 7, ಡೈಮಂಡ್ 7; ಮೂರು ರಾಜರು; ಕಳಾವರ್ 3 ಮತ್ತು ಸ್ಪೇಡ್ ಎಕ್ಕ. ಆಟೀನ್ 7 ಇಲ್ಲಿ ಎರಡು ಕಡೆ ಬೇಕಾದ ಎಲೆ. ಅದನ್ನು ಸೀಕ್ವೆನ್ಸ್‌ಗೆ ಕೊಟ್ಟರೆ ಎರಡು 7, ಒಂದು 3, ಒಂದು ಎಕ್ಕ ಉಳಿದು ಮೊತ್ತ 18 ಆಗುತ್ತದೆ. ಸೆಟ್‌ಗೆ ಕೊಟ್ಟರೆ 5, 6, 3, ಎಕ್ಕ ಉಳಿದು 15 ಆಗುತ್ತದೆ. ಹಾಗಾಗಿ ಈ ಕೈಯ ನಿಜವಾದ ಡೆಡ್‌ವುಡ್ 15. ಎಲೆಗಳನ್ನು ಕೈಯಲ್ಲಿ ಮೊದಲು ಜೋಡಿಸಿಕೊಂಡ ರೀತಿಯಲ್ಲೇ ಕೊನೆಯವರೆಗೂ ಹಿಡಿದುಕೊಂಡಿರುವ ಆಟಗಾರರಿಗೆ ಈ ಮೂರು ಅಂಕದ ವ್ಯತ್ಯಾಸ ಕಾಣುವುದೇ ಇಲ್ಲ.

ಇದೇ ಕೈಗೆ ಮುಂದಿನ ಎಲೆಯಾಗಿ ಆಟೀನ್ 4 ಬಂದಿತೆಂದುಕೊಳ್ಳಿ. ಈಗ 4, 5, 6 ಸೀಕ್ವೆನ್ಸ್ ಆಗಿ, 7 ಬಿಡುವಾಗಿ ಸೆಟ್‌ಗೆ ಹೋಗುತ್ತದೆ. ಕಳಾವರ್ 3 ಅನ್ನು ಬಿಟ್ಟರೆ ಡೆಡ್‌ವುಡ್ ಒಂದೇ ಒಂದು. ಅದರ ಬದಲು ಆಟೀನ್ 8 ಬಂದರೆ? ಸಾಲು ಅದೇ ರೀತಿ ಉದ್ದವಾಗುತ್ತದೆ, ಆದರೆ 7 ಈಗ ಸಾಲಿನ ನಡುವೆ ಸಿಕ್ಕಿಕೊಂಡಿರುವುದರಿಂದ ಅದನ್ನು ಸೆಟ್‌ಗೆ ಕೊಡಲು ಆಗುವುದಿಲ್ಲ. 5, 6, 7, 8 ಸಾಲನ್ನು ಇಟ್ಟುಕೊಂಡು ಒಂದು 7 ಅನ್ನು ಬಿಟ್ಟರೆ ಉಳಿಯುವುದು 7, 3, ಎಕ್ಕ, ಅಂದರೆ 11. ನಾಕ್‌ಗೆ ಒಂದು ಅಂಕ ಹೆಚ್ಚು. ಸಾಲಿನ ಎರಡು ತುದಿಗಳಲ್ಲಿ ಯಾವ ತುದಿ ಬೆಳೆದರೆ ಎರಡು ಕಡೆ ಬೇಕಾದ ಎಲೆ ಬಿಡುಗಡೆಯಾಗುತ್ತದೆ ಎಂಬುದನ್ನು ಎಲೆ ಬರುವ ಮೊದಲೇ ತಿಳಿದಿರಬೇಕು. ಈ ಕೈಯಲ್ಲಿ ಬೇಕಾದ ಎಲೆಗಳು ಆಟೀನ್ 4 ಮತ್ತು ಕಳಾವರ್ 7. ಎರಡರಲ್ಲಿ ಯಾವುದು ಬಂದರೂ ಮೊತ್ತ ಒಂದಕ್ಕಿಳಿಯುತ್ತದೆ.

ಎಣಿಸುವ ಕ್ರಮ ಹೀಗಿರಲಿ. ಮೊದಲು ಎರಡು ಕಡೆ ಹೊಂದುವ ಎಲೆಗಳನ್ನು ಗುರುತಿಸಿ. ಅಂಥ ಪ್ರತಿ ಎಲೆಗೂ ಎರಡು ಜೋಡಣೆಗಳಲ್ಲಿ ಉಳಿಯುವ ಮೊತ್ತವನ್ನು ಬೇರೆಬೇರೆಯಾಗಿ ಕೂಡಿಸಿ, ಕಡಿಮೆಯಾದುದನ್ನು ಇಟ್ಟುಕೊಳ್ಳಿ. ಬಿಡಬೇಕಾದ ಎಲೆಯನ್ನು ಮನಸ್ಸಿನಲ್ಲೇ ಪಕ್ಕಕ್ಕಿಟ್ಟು ಉಳಿದ ಹತ್ತನ್ನು ಮಾತ್ರ ಎಣಿಸಿ. ಹನ್ನೊಂದನ್ನು ಎಣಿಸಿ ಮೊತ್ತ 10 ದಾಟಿತೆಂದು ನಾಕ್‌ನ ಅವಕಾಶವನ್ನೇ ಕೈಬಿಡುವವರನ್ನು ಹೊಸಬರಲ್ಲಿ ಆಗಾಗ ನೋಡುತ್ತೇವೆ.

ಎರಡನೆಯ ಹಂತ: ಲೇ ಆಫ್‌ನ ಬಾಗಿಲನ್ನು ಕಿರಿದಾಗಿಸುವುದು

ಕೆಲವೊಮ್ಮೆ ಎರಡು ಜೋಡಣೆಗಳಲ್ಲೂ ಡೆಡ್‌ವುಡ್ ಸಮನಾಗಿರುತ್ತದೆ. ಆಗ ಯಾವುದನ್ನು ತೆರೆದಿಟ್ಟರೂ ಒಂದೇ ಎಂದುಕೊಳ್ಳಬಾರದು. ನಿಮ್ಮ ಕೈಯಲ್ಲಿ ಆಟೀನ್ 4, 5, 6, 7 ಮತ್ತು ಉಳಿದ ಮೂರು 7ಗಳಿವೆ ಎನ್ನಿ. ನಾಲ್ಕರ ಸಾಲು ಮತ್ತು ಮೂರು 7ಗಳ ಸೆಟ್ ಎಂದು ಇಟ್ಟರೆ, ಎದುರಾಳಿಯ ಬಳಿಯಿರುವ ಆಟೀನ್ 3 ಮತ್ತು ಆಟೀನ್ 8 ಎರಡೂ ಆ ಸಾಲಿಗೆ ಅಂಟಿಕೊಳ್ಳುತ್ತವೆ, 8ರ ಹಿಂದೆಯೇ 9 ಇದ್ದರೆ ಅದೂ ಹೋಗುತ್ತದೆ. ಅದರ ಬದಲು 4, 5, 6ರ ಸಾಲು ಮತ್ತು ನಾಲ್ಕು 7ಗಳ ಸೆಟ್ ಎಂದು ಇಟ್ಟರೆ ಸಾಲಿನ ಮೇಲಿನ ತುದಿ ಮುಚ್ಚಿಹೋಗುತ್ತದೆ, ಏಕೆಂದರೆ ಅಲ್ಲಿಗೆ ಬೇಕಾದ ಆಟೀನ್ 7 ನಿಮ್ಮ ಸೆಟ್‌ನಲ್ಲೇ ಇದೆ. ನಾಲ್ಕು ತುಂಬಿದ ಸೆಟ್‌ಗೆ ಸೇರಿಸಲು ಐದನೆಯ ಎಲೆಯೂ ಇಲ್ಲ. ಉಳಿಯುವ ದಾರಿ ಆಟೀನ್ 3ರ ಕಡೆಯಿಂದ ಮಾತ್ರ. ಎಕ್ಕದಿಂದ ಶುರುವಾಗುವ ಅಥವಾ ರಾಜನಲ್ಲಿ ಮುಗಿಯುವ ಸಾಲಿಗೂ ಇದೇ ಗುಣವಿದೆ, ಅದಕ್ಕೆ ಒಂದೇ ತುದಿ. ನಾಕ್ ಮಾಡುವ ಮುನ್ನ ಒಂದು ಉಸಿರಿನಷ್ಟು ಹೊತ್ತು ಇದನ್ನು ನೋಡಿಕೊಂಡರೆ ಹತ್ತು ಅಂಕ ಉಳಿಯಬಹುದು, ಕೆಲವೊಮ್ಮೆ ಅಂಡರ್‌ಕಟ್ ಸಹ ತಪ್ಪಬಹುದು.

ಮೂರನೆಯ ಹಂತ: ಎದುರಾಳಿಯ ಮೊತ್ತವನ್ನು ಅಂದಾಜು ಮಾಡುವುದು

ಒಂದು ಬಣ್ಣದ ಹದಿಮೂರು ಎಲೆಗಳ ಬೆಲೆಯನ್ನು ಕೂಡಿಸಿದರೆ 85 ಬರುತ್ತದೆ. ಅಂದರೆ ಒಂದು ಎಲೆಯ ಸರಾಸರಿ ಸುಮಾರು ಆರೂವರೆ, ಏನೂ ಜೋಡಣೆಯಾಗದ ಹತ್ತು ಎಲೆಗಳ ಕೈ ಸುಮಾರು 65. ಆಟ ಸಾಗಿದಂತೆ ಎಲ್ಲರೂ ದೊಡ್ಡ ಬಿಡಿ ಎಲೆಗಳನ್ನು ಮೊದಲು ಬಿಡುವುದರಿಂದ ಉಳಿಯುವ ಬಿಡಿ ಎಲೆಗಳ ಸರಾಸರಿ 5ಕ್ಕೆ ಅಥವಾ ಅದಕ್ಕೂ ಕೆಳಗೆ ಇಳಿಯುತ್ತದೆ. ಇದನ್ನಿಟ್ಟುಕೊಂಡು ಒರಟಾದ ಒಂದು ಅಳತೆ ಮಾಡಿಕೊಳ್ಳಬಹುದು: ಎದುರಾಳಿಯ ಬಳಿ ಒಂದೇ ಜೋಡಣೆ ಆಗಿದ್ದರೆ ಏಳು ಬಿಡಿ ಎಲೆಗಳು, ಸುಮಾರು 35 ಅಂಕ. ಎರಡು ಜೋಡಣೆ ಆಗಿದ್ದರೆ ನಾಲ್ಕು ಬಿಡಿ ಎಲೆಗಳು, 16ರಿಂದ 20 ಅಂಕ. ಈ ಎರಡು ಸ್ಥಿತಿಗಳಲ್ಲಿ ಅವರು ಯಾವುದರಲ್ಲಿದ್ದಾರೆ ಎಂಬುದನ್ನು ಕಂಡುಹಿಡಿಯುವುದೇ ನಿಮ್ಮ ಕೆಲಸ.

ಅದಕ್ಕೆ ಎರಡು ಗುರುತುಗಳಿವೆ. ಮೊದಲನೆಯದು, ಅವರು ತೆರೆದ ರಾಶಿಯಿಂದ, ಅಂದರೆ ಬಿಟ್ಟ ಎಲೆಗಳ ರಾಶಿಯಿಂದ, ಎತ್ತಿದ ಎಲೆ. ಎಲ್ಲರಿಗೂ ಕಾಣುವಂತೆ ಎತ್ತಿದ ಎಲೆಯಿಂದ ಸಾಮಾನ್ಯವಾಗಿ ಒಂದು ಜೋಡಣೆ ಪೂರ್ಣವಾಗಿರುತ್ತದೆ ಅಥವಾ ಬೆಳೆದಿರುತ್ತದೆ. ಎರಡು ಸಲ ಹಾಗೆ ಬೇರೆಬೇರೆ ಕಡೆಯ ಎಲೆಗಳನ್ನು ಎತ್ತಿದ್ದರೆ ಎರಡು ಜೋಡಣೆ ಆಗಿವೆ ಎಂದೇ ಭಾವಿಸಿ ಆಡುವುದು ಕ್ಷೇಮ. ಎರಡನೆಯದು, ಅವರು ಬಿಡುತ್ತಿರುವ ಎಲೆಗಳ ಬೆಲೆ. ರಾಜ, ರಾಣಿ, 10 ಬರುತ್ತಿರುವವರೆಗೆ ಅವರ ಕೈ ಭಾರವಾಗಿಯೇ ಇದೆ ಎನ್ನಬಹುದು. 5, 4 ಬೀಳತೊಡಗಿದರೆ ದೊಡ್ಡ ಬಿಡಿ ಎಲೆಗಳು ಮುಗಿದಿವೆ. ಆಟದ ನಡುವೆ ಒಂದು ಎಕ್ಕವೋ 2ವೋ ಬಿದ್ದರೆ ಎಚ್ಚರದಿಂದಿರಬೇಕು: ಡೆಡ್‌ವುಡ್ ಅನ್ನು ಇನ್ನೂ ಇಳಿಸಬೇಕಾದವರು ಅಷ್ಟು ಅಗ್ಗದ ಎಲೆಯನ್ನು ಬಿಡುವುದಿಲ್ಲ. ಅವರು ನಾಕ್ ಮಾಡಬಹುದಾಗಿದ್ದೂ ಜಿನ್‌ಗೋ ಅಂಡರ್‌ಕಟ್‌ಗೋ ಕಾಯುತ್ತಿರುವ ಸಾಧ್ಯತೆ ಹೆಚ್ಚು.

ನಾಲ್ಕನೆಯ ಹಂತ: ಜಿನ್‌ಗೆ ಬೇಕಾದ ಎಲೆಗಳನ್ನು ಎಣಿಸುವುದು

ಈಗ ಒಂದು ನಿಜವಾದ ಸನ್ನಿವೇಶವನ್ನು ಬಿಡಿಸೋಣ. ನೀವು ಹಂಚದವರು. ತೆರೆದಿಟ್ಟ ಕಳಾವರ್ ರಾಣಿ ಇಬ್ಬರಿಗೂ ಬೇಡವಾಯಿತು. ಆಮೇಲೆ ಇಬ್ಬರೂ ಮುಚ್ಚಿದ ಕಟ್ಟಿನಿಂದಲೇ ಎತ್ತುತ್ತಾ ಬಂದಿದ್ದೀರಿ. ನೀವು ಬಿಟ್ಟಿದ್ದು ಆಟೀನ್ ರಾಜ, ಸ್ಪೇಡ್ ರಾಣಿ, ಕಳಾವರ್ 9. ಎದುರಾಳಿ ಬಿಟ್ಟಿದ್ದು ಸ್ಪೇಡ್ ರಾಜ, ಡೈಮಂಡ್ ರಾಣಿ, ಆಟೀನ್ 10. ಇದೀಗ ನಿಮ್ಮ ನಾಲ್ಕನೆಯ ಎಲೆಯನ್ನು ಎತ್ತಿದ್ದೀರಿ. ನಿಮ್ಮ ಕೈಯ 11 ಮತ್ತು ರಾಶಿಯ 7 ಎಲೆಗಳು ನಿಮಗೆ ಗೊತ್ತು. ಗೊತ್ತಿಲ್ಲದವು 34: ಅವುಗಳಲ್ಲಿ 10 ಎದುರಾಳಿಯ ಕೈಯಲ್ಲಿ, 24 ಮುಚ್ಚಿದ ಕಟ್ಟಿನಲ್ಲಿ.

ಮೊದಲನೆಯ ಕೈ: ಆಟೀನ್ 5, 6, 7, 8, ಸ್ಪೇಡ್, ಡೈಮಂಡ್, ಕಳಾವರ್ ಗುಲಾಮರು, ಬಿಡಿಯಾಗಿ ಕಳಾವರ್ 2, ಕಳಾವರ್ 3, ಸ್ಪೇಡ್ 4 ಮತ್ತು ಡೈಮಂಡ್ 9. ಡೈಮಂಡ್ 9 ಅನ್ನು ಬಿಟ್ಟರೆ ಡೆಡ್‌ವುಡ್ 9, ನಾಕ್ ಮಾಡಬಹುದು. ಮುಂದಿನ ಸರದಿಯಲ್ಲೇ ಜಿನ್ ಆಗಬೇಕಾದರೆ ಕಳಾವರ್ ಎಕ್ಕ ಅಥವಾ ಕಳಾವರ್ 4 ಬರಬೇಕು. ಆಟೀನ್ 4 ಬಂದರೆ ಸಾಲು ಉದ್ದವಾಗುತ್ತದೆ, ನಾಲ್ಕನೆಯ ಗುಲಾಮ ಬಂದರೆ ಸೆಟ್ ತುಂಬುತ್ತದೆ. ಆದರೆ ಎರಡರಲ್ಲೂ ಕಳಾವರ್ 2 ಮತ್ತು 3 ಬಿಡಿಯಾಗಿಯೇ ಉಳಿದು ಡೆಡ್‌ವುಡ್ 5 ಆಗುತ್ತದೆ, ಅಷ್ಟೇ. ಹೀಗಾಗಿ ಜಿನ್ ಮಾಡಿಸುವ ಎಲೆಗಳು ಎರಡೇ. 34ರಲ್ಲಿ 2 ಎಂದರೆ ಹದಿನೇಳರಲ್ಲಿ ಒಂದು. ಮೂರು ಸರದಿ ಕಾದರೂ, ಮೂರು ಹೊಸ ಎಲೆಗಳಲ್ಲಿ ಅವುಗಳಲ್ಲೊಂದು ಇರುವ ಸಾಧ್ಯತೆ ಸುಮಾರು ಶೇಕಡ 17, ಅಂದರೆ ಆರರಲ್ಲಿ ಒಂದು.

ಎರಡನೆಯ ಕೈ: ಆಟೀನ್ 5, 6, 7, ಅದೇ ಮೂವರು ಗುಲಾಮರು, ಕಳಾವರ್ 2, 3, 4, ಬಿಡಿಯಾಗಿ ಡೈಮಂಡ್ 3 ಮತ್ತು ಡೈಮಂಡ್ 9. 9 ಅನ್ನು ಬಿಟ್ಟರೆ ಡೆಡ್‌ವುಡ್ 3. ಇಲ್ಲಿ ಮೂರು ಜೋಡಣೆಗಳಲ್ಲಿ ಯಾವುದು ಬೆಳೆದರೂ ಜಿನ್: ಆಟೀನ್ 4, ಆಟೀನ್ 8, ಆಟೀನ್ ಗುಲಾಮ, ಕಳಾವರ್ ಎಕ್ಕ, ಕಳಾವರ್ 5. ಒಟ್ಟು ಐದು. ಒಂದು ಸರದಿಗೆ ಸುಮಾರು ಶೇಕಡ 15. ಮೂರು ಸರದಿಗೆ ಸುಮಾರು ಶೇಕಡ 39, ಅಂದರೆ ಐದರಲ್ಲಿ ಎರಡು.

ಎಣಿಸಿದ ಎಲೆಗಳೆಲ್ಲ ಒಂದೇ ತೂಕದವಲ್ಲ. ಆಟೀನ್ ಗುಲಾಮನನ್ನು ತೆಗೆದುಕೊಳ್ಳಿ. ಅದು ಎದುರಾಳಿಯ ಕೈಯಲ್ಲಿದ್ದರೂ ಅವರಿಗೆ ಉಪಯೋಗವಿಲ್ಲ: ಉಳಿದ ಮೂವರು ಗುಲಾಮರು ನಿಮ್ಮಲ್ಲಿದ್ದಾರೆ, ಆಟೀನ್ 10 ಮತ್ತು ಆಟೀನ್ ರಾಜ ರಾಶಿಯಲ್ಲಿ ಬಿದ್ದಿರುವುದರಿಂದ ಅದರ ಸುತ್ತ ಯಾವ ಸಾಲೂ ಕಟ್ಟಲಾಗದು. ಹತ್ತು ಅಂಕದ ಆ ಎಲೆಯನ್ನು ಅವರು ಹೆಚ್ಚು ಹೊತ್ತು ಹಿಡಿದಿಡುವುದು ಕಷ್ಟ. ಅವರು ಬಿಟ್ಟಾಗ ಅದು ನಿಮ್ಮದು. ಆಟೀನ್ 8 ಕೂಡ ಹಾಗೆಯೇ: 7 ನಿಮ್ಮಲ್ಲಿ, 10 ರಾಶಿಯಲ್ಲಿ, ಆದ್ದರಿಂದ ಎಂಟುಗಳ ಸೆಟ್‌ಗಲ್ಲದೆ ಅವರಿಗೆ ಅದು ಬೇರೆಲ್ಲೂ ಸಲ್ಲದು. ಆಟೀನ್ 4 ಅಷ್ಟು ಖಚಿತವಲ್ಲ, ಅದು ಅವರ ಬಳಿ 2, 3, 4ರ ಸಾಲಿನಲ್ಲಿ ಸೇರಿಹೋಗಿರಬಹುದು. ಎದುರಾಳಿಗೆ ಬೇಡವಾದ ಎಲೆಗಳು ನಿಮಗೆ ಎರಡು ದಾರಿಗಳಿಂದ ಬರುತ್ತವೆ, ಆದ್ದರಿಂದ ಮೇಲಿನ ಶೇಕಡಾವಾರು ಲೆಕ್ಕಕ್ಕಿಂತ ಎರಡನೆಯ ಕೈಯ ಸ್ಥಿತಿ ಸ್ವಲ್ಪ ಉತ್ತಮವಾಗಿಯೇ ಇದೆ.

ಐದನೆಯ ಹಂತ: ಎರಡು ದಾರಿಗಳ ಬೆಲೆ ಕಟ್ಟುವುದು

ಮೊದಲನೆಯ ಕೈಯ ತೀರ್ಮಾನ ಕಷ್ಟವಲ್ಲ. ಎದುರಾಳಿ ತೆರೆದ ಎಲೆಯನ್ನು ಒಮ್ಮೆಯೂ ಎತ್ತಿಲ್ಲ, ಬಿಟ್ಟಿದ್ದೆಲ್ಲ ದೊಡ್ಡ ಎಲೆಗಳು. ಒಂದೇ ಜೋಡಣೆ ಆಗಿದೆ ಎಂದು 35 ಅಂಕ ಹಿಡಿಯೋಣ. ಲೇ ಆಫ್‌ಗೆ ಒಂದು 5 ಅಂಕ ಬಿಟ್ಟುಕೊಟ್ಟರೆ ಉಳಿದ 30ರಲ್ಲಿ ನಿಮ್ಮ 9 ಕಳೆದು 21 ಅಂಕ ಕೈಗೆ ಬರುತ್ತದೆ. ಕಾದರೆ ಮೂರು ಸರದಿಗಳಲ್ಲಿ ಆರಕ್ಕೊಂದು ಪಾಲು ಮಾತ್ರ ಜಿನ್. ಅಷ್ಟರಲ್ಲಿ ಅವರ ಮೊತ್ತ ಕರಗಿರುತ್ತದೆ, ನಿಮ್ಮ 9 ನಾಕ್‌ಗೆ ಅಪಾಯದ ಮೊತ್ತವಾಗಿರುತ್ತದೆ. ಈ ಕೈಯಲ್ಲಿ ತಕ್ಷಣ ನಾಕ್ ಮಾಡಬೇಕು. ಬಿಡಿ ಎಲೆಗಳು ಮೂರೋ ನಾಲ್ಕೋ ಉಳಿದಿರುವ ಕೈಗಳಲ್ಲೆಲ್ಲ, ಆಟ ಇನ್ನೂ ಆರಂಭದಲ್ಲಿದ್ದರೆ, ಇದೇ ಉತ್ತರ.

ಎರಡನೆಯ ಕೈ ಹೆಚ್ಚು ಗಮನ ಬೇಡುತ್ತದೆ. ಎದುರಾಳಿಯ ಬಳಿ 35 ಇದ್ದರೆ ಈಗಿನ ನಾಕ್‌ಗೆ ಸಿಗುವುದು ಸುಮಾರು 27. ಕಾದು ಮೂರು ಸರದಿಯೊಳಗೆ ಜಿನ್ ಆದರೆ, ಅಷ್ಟರಲ್ಲಿ ಅವರ ಮೊತ್ತ 18ಕ್ಕೆ ಇಳಿದಿರುತ್ತದೆ ಎಂದುಕೊಂಡರೆ, 25 ಮತ್ತು 18 ಸೇರಿ 43. ಆಗದಿದ್ದರೆ ಆಗ ನಾಕ್ ಮಾಡಿ, ಲೇ ಆಫ್ ಕಳೆದು ಸುಮಾರು 11. ಐದರಲ್ಲಿ ಎರಡು ಪಾಲು 43, ಮೂರು ಪಾಲು 11 ಎಂದರೆ ಸರಾಸರಿ ಸುಮಾರು 24. ಈಗಿನ 27ಕ್ಕಿಂತ ಕಡಿಮೆ. ಅಂದರೆ ಎದುರಾಳಿಯ ಕೈ ಭಾರವಾಗಿರುವಾಗ ಇಂಥ ಒಳ್ಳೆಯ ಕೈಯಲ್ಲೂ ನಾಕ್ ಮಾಡುವುದೇ ಲಾಭ. ಕಾರಣ ಸ್ಪಷ್ಟವಾಗಿದೆ: ಜಿನ್‌ನ ಹೆಚ್ಚುವರಿ ಬೆಲೆ 25 ಅಂಕ, ಆದರೆ ಎದುರಾಳಿ ಇನ್ನೊಂದು ಜೋಡಣೆ ಮಾಡಿಕೊಂಡರೆ ಅವರ ಮೊತ್ತದಿಂದ ಒಂದೇ ಏಟಿಗೆ 15ರಷ್ಟು ಅಂಕ ಕರಗುತ್ತದೆ, ದೊಡ್ಡ ಎಲೆಗಳನ್ನು ಬಿಡುತ್ತಾ ಹೋದಂತೆ ಉಳಿದ 10 ಸಹ ಕರಗುತ್ತದೆ. ಕಾಯುವವರು ಆ 25ನ್ನು ಗಳಿಸುವ ಹೊತ್ತಿಗೆ ಅದನ್ನು ಇನ್ನೊಂದು ಕಡೆ ಕಳೆದುಕೊಂಡಿರುತ್ತಾರೆ.

ಈಗ ಅದೇ ಕೈಯನ್ನು ಹಿಡಿದುಕೊಂಡು ಎದುರಾಳಿಯ ಚಿತ್ರವನ್ನು ಬದಲಿಸಿ. ಅವರು ಎರಡು ಸಲ ತೆರೆದ ಎಲೆಯನ್ನು ಎತ್ತಿದ್ದಾರೆ, ಬಿಡುತ್ತಿರುವುದು 5, 4. ಅವರ ಮೊತ್ತ 18 ಎಂದು ಹಿಡಿದರೆ ನಾಕ್‌ಗೆ ಸಿಗುವುದು ಲೇ ಆಫ್ ಕಳೆದು ಸುಮಾರು 11. ಕಾದರೆ, ಅವರ ಮೊತ್ತ 10ಕ್ಕೆ ಇಳಿದರೂ ಜಿನ್‌ಗೆ 35, ಜಿನ್ ಆಗದೆ ಆಮೇಲೆ ನಾಕ್ ಮಾಡಿದರೆ ಸುಮಾರು 5. ಸರಾಸರಿ ಸುಮಾರು 17. ಈ ಲೆಕ್ಕದಲ್ಲಿ ಇನ್ನೊಂದು ಮುಖ್ಯ ಸಂಗತಿ ಸೇರಿಲ್ಲ. ನಿಮ್ಮ ಡೆಡ್‌ವುಡ್ ಕೇವಲ 3 ಆಗಿರುವುದರಿಂದ, ಅವರು 8 ಇಟ್ಟುಕೊಂಡು ನಾಕ್ ಮಾಡಿದರೆ ವ್ಯತ್ಯಾಸದ 5 ಮತ್ತು ಅಂಡರ್‌ಕಟ್‌ನ 25 ಸೇರಿ 30 ಅಂಕ ನಿಮಗೇ ಬರುತ್ತದೆ. ಅವರ 3 ನಿಮ್ಮ 3ಕ್ಕೆ ಸಮನಾದರೂ 25 ನಿಮ್ಮದೇ. ಅವರು ನಿಮಗೆ ನಿಜವಾಗಿ ಹಾನಿ ಮಾಡಬಹುದಾದದ್ದು ಜಿನ್‌ನಿಂದ ಮಾತ್ರ, ಅದರಲ್ಲಿ ನೀವು ಕಳೆದುಕೊಳ್ಳುವುದು 28.

ಹಾಗಾಗಿ ತೀರ ಸಣ್ಣ ಡೆಡ್‌ವುಡ್ ಇರುವ ಕೈಯ ನಿಯಮ, ಮೊದಲ ನೋಟಕ್ಕೆ ಅನ್ನಿಸುವುದಕ್ಕೆ ವಿರುದ್ಧವಾಗಿದೆ: ಎದುರಾಳಿ ಹಿಂದಿದ್ದರೆ ನಾಕ್ ಮಾಡಿ, ಹತ್ತಿರ ಬಂದಿದ್ದರೆ ಕಾಯಿರಿ. ಹೆದರಿಕೆಯಲ್ಲಿ ಆಡುವವರು ಸರಿಯಾಗಿ ಇದರ ಉಲ್ಟಾ ಮಾಡುತ್ತಾರೆ. ಎದುರಾಳಿ ದೂರವಿದ್ದಾರೆಂದು ಧೈರ್ಯವಾಗಿ ಕಾಯುತ್ತಾರೆ, ಹತ್ತಿರ ಬಂದರೆಂದು ಗಾಬರಿಯಲ್ಲಿ ನಾಕ್ ಮಾಡುತ್ತಾರೆ. ಇದಕ್ಕೆ ಒಂದು ಮಿತಿಯಿದೆ. ಎದುರಾಳಿ ಎಕ್ಕ ಅಥವಾ 2 ಬಿಟ್ಟು ತಾವೂ ಜಿನ್‌ಗೆ ಕಾಯುತ್ತಿರುವಂತೆ ಕಂಡರೆ, ಆಗ ನಿಮ್ಮ ಐದು ಎಲೆಗಳಲ್ಲಿ ಎಷ್ಟು ಇನ್ನೂ ಉಳಿದಿವೆ ಎಂದು ಮತ್ತೆ ಎಣಿಸಬೇಕು. ಎರಡಕ್ಕಿಂತ ಹೆಚ್ಚು ಉಳಿದಿಲ್ಲದಿದ್ದರೆ ಕಾಯುವುದರಲ್ಲಿ ಅರ್ಥವಿಲ್ಲ. ಬೀಳುವ ನಾಲ್ಕೈದು ಅಂಕಕ್ಕೇ ನಾಕ್ ಮಾಡಿ ಅವರ ಜಿನ್ ಅನ್ನು ತಪ್ಪಿಸುವುದು ಲೇಸು. ಅವರ ಮೊತ್ತವೂ ಮೂರರೊಳಗೆ ಇದ್ದರೆ ಅಂಡರ್‌ಕಟ್ ಆಗಬಹುದೆಂಬುದನ್ನು ಒಪ್ಪಿಕೊಂಡೇ ಆ ನಾಕ್ ಮಾಡಬೇಕು.

ದೊಡ್ಡ ಡೆಡ್‌ವುಡ್ ಇಟ್ಟುಕೊಂಡು ತಡವಾಗಿ ನಾಕ್ ಮಾಡುವಾಗ

ಅಂಡರ್‌ಕಟ್‌ಗಳಲ್ಲಿ ಹೆಚ್ಚಿನವು 8, 9, 10ರ ನಾಕ್‌ಗೆ ಬೀಳುತ್ತವೆ, ಅದರಲ್ಲೂ ಆಟದ ದ್ವಿತೀಯಾರ್ಧದಲ್ಲಿ. ನಾಲ್ಕನೆಯ ಸರದಿಯಲ್ಲಿ 9 ಒಳ್ಳೆಯ ಮೊತ್ತ. ಒಂಬತ್ತನೆಯ ಸರದಿಯಲ್ಲಿ, ಎರಡು ಜೋಡಣೆ ಮಾಡಿಕೊಂಡ ಎದುರಾಳಿಯ ಮುಂದೆ, ಅದೇ 9 ದುರ್ಬಲ. ಅವರ ಬಳಿ 14 ಇದ್ದರೂ, ಒಂದು 6 ನಿಮ್ಮ ಸಾಲಿಗೆ ಸೇರಿಹೋದರೆ 8 ಉಳಿದು, ಅಂಡರ್‌ಕಟ್‌ನ 25 ಮತ್ತು ವ್ಯತ್ಯಾಸದ 1 ಅವರ ಪಾಲಾಗುತ್ತದೆ. ಐದು ಅಂಕದ ಆಸೆಗೆ 26 ಅಂಕವನ್ನು ಪಣಕ್ಕಿಡುವ ಆಟ ಇದು.

ಇಂಥ ಸಂದರ್ಭದಲ್ಲಿ ಜಿನ್‌ಗಾಗಿ ಕಾಯುವ ಬದಲು ಮೊತ್ತ ಇಳಿಸಲು ಕಾಯಬೇಕು. ಮೊದಲನೆಯ ಕೈಯಲ್ಲೇ ನೋಡಿ: ಕಳಾವರ್ ಅಲ್ಲದ ಯಾವ ಎಕ್ಕ ಬಂದರೂ ಸ್ಪೇಡ್ 4 ಅನ್ನು ಬಿಟ್ಟು 9ರಿಂದ 6ಕ್ಕೆ ಇಳಿಯಬಹುದು, ಆಟೀನ್ 4, ಆಟೀನ್ 9 ಅಥವಾ ಆಟೀನ್ ಗುಲಾಮ ಬಂದರೆ 5ಕ್ಕೆ. ಮುಂದಿನ ಎರಡು ಸರದಿಗಳಲ್ಲಿ ಅಂಥದ್ದೇನಾದರೂ ಬರುವ ಸಾಧ್ಯತೆ ಜಿನ್‌ನ ಸಾಧ್ಯತೆಗಿಂತ ಬಹಳ ಹೆಚ್ಚು. ಈ ನಡುವೆ ಅವರೇ ನಾಕ್ ಮಾಡಿದರೂ ನಿಮ್ಮಲ್ಲಿರುವುದು ಸಣ್ಣ ಎಲೆಗಳಾದ್ದರಿಂದ ನಷ್ಟ ಕೆಲವೇ ಅಂಕ. ಕಾಯುವಾಗ ದೊಡ್ಡ ಎಲೆಯೊಂದನ್ನು ಹೊಸ ಜೋಡಣೆಯ ಆಸೆಗೆ ಇಟ್ಟುಕೊಳ್ಳುವುದು ಮಾತ್ರ ಕೂಡದು. ಹಾಗೆ ಮಾಡಿದರೆ ನಾಕ್ ಮಾಡಬಹುದಾಗಿದ್ದ ಕೈಯೇ ಹಾಳಾಗುತ್ತದೆ.

ಅಂಕಪಟ್ಟಿ ನೋಡಿ ಬದಲಾಗುವ ತೀರ್ಮಾನ

ಇದುವರೆಗಿನ ಲೆಕ್ಕ ಒಂದು ಸುತ್ತಿನ ಮಟ್ಟಿಗೆ ಸರಿ. ಆಟ ಸಾಮಾನ್ಯವಾಗಿ 100 ಅಂಕಕ್ಕೆ ಮುಗಿಯುವುದರಿಂದ ಕೊನೆಯ ಸುತ್ತುಗಳಲ್ಲಿ ಅಂಕಪಟ್ಟಿಯೂ ಮಾತಾಡುತ್ತದೆ. ನಿಮ್ಮದು 85 ಆಗಿದ್ದು, ಈಗಿನ ನಾಕ್ 15 ತಂದುಕೊಡುತ್ತದೆಂದು ನಂಬಿಕೆಯಿದ್ದರೆ ಜಿನ್‌ನ ಮಾತೇ ಬೇಡ. ಎದುರಾಳಿ 88ರಲ್ಲಿದ್ದರೆ ಅವರಿಗೆ ಬೇಕಾದದ್ದು 12. ಆಗ ನಿಮ್ಮ ಡೆಡ್‌ವುಡ್ 12ಕ್ಕಿಂತ ಕೆಳಗೆ ಇರುವಂತೆ ಆಡಿದರೆ, ಅವರು ನಾಕ್ ಮಾಡಿದರೂ ಆಟ ಮುಗಿಯುವುದಿಲ್ಲ. ಆ ಸುತ್ತಿನಲ್ಲಿ ನಿಮಗೆ ಬೇಕಾದ ಎಲೆಯನ್ನು ಬಿಟ್ಟುಕೊಟ್ಟಾದರೂ ದೊಡ್ಡ ಬಿಡಿ ಎಲೆಗಳನ್ನು ಮೊದಲು ಕಳೆದುಕೊಳ್ಳಬೇಕು. ಅವರ ಜಿನ್ ಅನ್ನು ಮಾತ್ರ ಈ ರೀತಿ ತಡೆಯಲಾಗದು, ಏಕೆಂದರೆ 25 ಒಂದೇ ಸಾಕಾಗುತ್ತದೆ. ಆದ್ದರಿಂದ ಆ ಹಂತದಲ್ಲಿ ಮೂರು ಅಂಕ ಸಿಗುವ ನಾಕ್ ಕೂಡ ಮಾಡತಕ್ಕದ್ದೇ: ಆ ಸುತ್ತು ಅಲ್ಲಿಗೆ ಮುಗಿಯುತ್ತದೆ, ಮತ್ತು ಗೆದ್ದ ಪ್ರತಿ ಸುತ್ತಿಗೂ ಕೊನೆಯಲ್ಲಿ ಬೋನಸ್ ಸೇರಿಸುವ ಪದ್ಧತಿಯಲ್ಲಿ ಆಡುತ್ತಿದ್ದರೆ ಅದೂ ನಿಮ್ಮ ಪಟ್ಟಿಗೆ ಬರುತ್ತದೆ.

ಮುಚ್ಚಿದ ಕಟ್ಟು ಮುಗಿಯುತ್ತಾ ಬಂದಾಗಲೂ ಲೆಕ್ಕ ಬೇರೆ. ಕಟ್ಟಿನಲ್ಲಿ ಎರಡೇ ಎಲೆಗಳು ಉಳಿದಾಗ, ಅವುಗಳ ಹಿಂದಿನ ಎಲೆಯನ್ನು ಎತ್ತಿದವರು ನಾಕ್ ಮಾಡದೆ ಎಲೆ ಬಿಟ್ಟರೆ ಆ ಸುತ್ತು ಯಾರಿಗೂ ಅಂಕವಿಲ್ಲದೆ ರದ್ದಾಗುತ್ತದೆ. ಹಾಗಾಗಿ ಕೊನೆಯ ಸರದಿಯಲ್ಲಿ ನಿಮ್ಮ ಮುಂದಿರುವ ಆಯ್ಕೆಗಳು ನಾಕ್ ಮತ್ತು ಸೊನ್ನೆ. ಅಷ್ಟು ಹೊತ್ತು ಆಡಿಯೂ ಎದುರಾಳಿ ನಾಕ್ ಮಾಡಿಲ್ಲವೆಂದರೆ ಎರಡು ಕಾರಣಗಳಿರಬಹುದು: ಅವರ ಕೈ 10ಕ್ಕೆ ಇಳಿದೇ ಇಲ್ಲ, ಅಥವಾ ಅವರು ಜಿನ್‌ಗೆ ಕಾಯುತ್ತಾ ಕುಳಿತಿದ್ದಾರೆ. ರಾಶಿಯಲ್ಲಿ ಅವರು ಕೊನೆಗೆ ಬಿಟ್ಟ ನಾಲ್ಕೈದು ಎಲೆಗಳನ್ನು ನೆನಪಿಸಿಕೊಂಡರೆ ಯಾವುದು ಎಂಬುದು ಬಹುಮಟ್ಟಿಗೆ ತಿಳಿಯುತ್ತದೆ. ಅವು 6ಕ್ಕಿಂತ ಮೇಲಿನವಾಗಿದ್ದರೆ ನಿಮ್ಮ 9ಕ್ಕೂ ನಾಕ್ ಮಾಡಬಹುದು. ಎಕ್ಕ, 2, 3 ಬಿದ್ದಿದ್ದರೆ ಎಲೆಯನ್ನು ಸುಮ್ಮನೆ ಬಿಟ್ಟು ಸುತ್ತು ರದ್ದಾಗಲು ಬಿಡಿ.